ಎಂಟು ಅಂಕದ ಆಸೆ, ಕೈಯಲ್ಲುಳಿದ ಮೂರು ಬಿಲ್ಲೆ

ಸ್ಕ್ರ್ಯಾಬಲ್ ಆಟ ಶುರುವಾಗಿದೆ, ಮೊದಲ ಸರದಿ ನಿಮ್ಮದು. ಚೀಲಕ್ಕೆ ಕೈಹಾಕಿ ಏಳು ಬಿಲ್ಲೆ ಎತ್ತಿ ರ‍್ಯಾಕಿನ ಮೇಲೆ ಜೋಡಿಸಿದಿರಿ. ಬಂದದ್ದು ಮೂರು ಐ, ಎರಡು ಯು, ಒಂದು ಆರ್, ಒಂದು ಎನ್. ಐದು ಸ್ವರ, ಎರಡೇ ವ್ಯಂಜನ, ಸ್ವರಗಳಲ್ಲೂ ಎಲ್ಲ ಜೋಡಿ ಜೋಡಿಯೇ. ಸ್ವಲ್ಪ ಹೊತ್ತು ಹಿಂದೆ ಮುಂದೆ ಸರಿಸಿ ನೋಡಿದ ಮೇಲೆ ಆರ್-ಯು-ಐ-ಎನ್ ಕಣ್ಣಿಗೆ ಬೀಳುತ್ತದೆ: ‘ರೂಯಿನ್’, ಅಂದರೆ ಹಾಳು. ನಾಲ್ಕೂ ಒಂದೊಂದು ಅಂಕದ ಅಕ್ಷರ. ಮೊದಲ ಪದ ಬೋರ್ಡಿನ ನಡುಮನೆಯ ಮೇಲೆ ಹಾಯಬೇಕು, ಆ ಮನೆ ಪದದ ಅಂಕವನ್ನು ಇಮ್ಮಡಿಸುತ್ತದೆ. ಹಾಗಾಗಿ ನಾಲ್ಕು ಎಂಟಾಗುತ್ತದೆ.

ಎಂಟು ಅಂಕ ತೆಗೆದುಕೊಳ್ಳಬೇಕೆ? ಅಥವಾ ಅಂಕವೇ ಬೇಡವೆಂದು ಸರದಿ ಬಿಟ್ಟುಕೊಟ್ಟು, ಬೇಡದ ಬಿಲ್ಲೆಗಳನ್ನು ಚೀಲಕ್ಕೆ ಹಾಕಿ ಬೇರೆ ತೆಗೆದುಕೊಳ್ಳಬೇಕೆ? ಮನೆಯಲ್ಲಿ ಆಡುವ ಹತ್ತರಲ್ಲಿ ಒಂಬತ್ತು ಜನ ಎರಡನೆಯ ದಾರಿಯನ್ನು ಯೋಚಿಸುವುದೂ ಇಲ್ಲ. ಸೊನ್ನೆ ಬರೆಸಿಕೊಳ್ಳುವುದು ಸೋತ ಹಾಗೆ ಅನ್ನಿಸುತ್ತದೆ. ಟೂರ್ನಿ ಆಡುವವರು ಮಾತ್ರ ಈ ರ‍್ಯಾಕಿಗೆ ಹೆಚ್ಚು ಹೊತ್ತು ಯೋಚಿಸದೆ ಬಿಲ್ಲೆ ಬದಲಿಸುತ್ತಾರೆ. ಅವರು ಹಾಗೇಕೆ ಮಾಡುತ್ತಾರೆ ಎಂಬುದನ್ನು ಇದೇ ಏಳು ಬಿಲ್ಲೆ ಇಟ್ಟುಕೊಂಡು ಲೆಕ್ಕ ಹಾಕಿ ನೋಡೋಣ.

ಮೊದಲು ನಿಯಮ. ನಿಮ್ಮ ಸರದಿ ಬಂದಾಗ ಪದ ಇಡುವ ಬದಲು ಒಂದರಿಂದ ಏಳರವರೆಗೆ ಎಷ್ಟು ಬಿಲ್ಲೆಗಳನ್ನಾದರೂ ಬದಲಿಸಬಹುದು. ಎಷ್ಟು ಎಂಬುದನ್ನು ಹೇಳಿ, ಅವನ್ನು ಮುಖ ಕೆಳಗಾಗಿ ಮೇಜಿನ ಮೇಲಿಟ್ಟು, ಅಷ್ಟೇ ಹೊಸ ಬಿಲ್ಲೆಗಳನ್ನು ಮೊದಲು ಚೀಲದಿಂದ ಎತ್ತಿಕೊಂಡು, ಆಮೇಲೆ ಹಳೆಯವನ್ನು ಚೀಲಕ್ಕೆ ಹಾಕಿ ಕಲಸಬೇಕು. ಈ ಕ್ರಮದಿಂದಾಗಿ, ಬಿಟ್ಟ ಬಿಲ್ಲೆ ಅದೇ ಕ್ಷಣದಲ್ಲಿ ನಿಮ್ಮ ಕೈಗೆ ಮರಳುವ ಭಯವಿಲ್ಲ. ಆ ಸರದಿಯಲ್ಲಿ ನಿಮಗೆ ಅಂಕವಿಲ್ಲ, ಪದವೂ ಇಲ್ಲ. ಇನ್ನೊಂದು ಷರತ್ತು, ಚೀಲದಲ್ಲಿ ಕನಿಷ್ಠ ಏಳು ಬಿಲ್ಲೆ ಇರಬೇಕು. ಆರಕ್ಕೆ ಇಳಿಯಿತೆಂದರೆ ಬದಲಿಸುವ ಬಾಗಿಲು ಮುಚ್ಚಿತು. ಇಸ್ಪೀಟಿನ ರಮ್ಮಿಯಲ್ಲಿ ಪ್ರತಿ ಸರದಿಯಲ್ಲೂ ಒಂದೆಲೆ ಎತ್ತಿ ಒಂದೆಲೆ ಬಿಡುತ್ತೇವೆ, ಅದಕ್ಕೆ ಬೇರೆ ಬೆಲೆ ಕೊಡಬೇಕಿಲ್ಲ. ಇಲ್ಲಿ ಹಾಗಲ್ಲ, ಇಡೀ ಸರದಿಯೇ ಬೆಲೆ. ಆದ್ದರಿಂದ ಆ ಬೆಲೆಗೆ ಸಿಗುವುದೇನು ಎಂದು ಲೆಕ್ಕ ಹಾಕಲೇಬೇಕಾಗುತ್ತದೆ.

ಈಗ ಎರಡೂ ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ‘ರೂಯಿನ್’ ಇಟ್ಟರೆ ನಾಲ್ಕು ಬಿಲ್ಲೆ ಹೋಗುತ್ತವೆ. ಉಳಿಯುವುದು ಐ, ಐ, ಯು. ಚೀಲದಿಂದ ನಾಲ್ಕು ಹೊಸದು ಬರುತ್ತವೆ. ಬದಲಿಸುವುದಾದರೆ ಎರಡು ಐ, ಎರಡು ಯು ಬಿಟ್ಟು ಐ, ಎನ್, ಆರ್ ಇಟ್ಟುಕೊಳ್ಳುತ್ತೀರಿ. ಆಗಲೂ ಬರುವುದು ನಾಲ್ಕೇ ಹೊಸ ಬಿಲ್ಲೆ, ಅದೇ ಚೀಲದಿಂದ. ಅಂದರೆ ಎರಡೂ ದಾರಿಯಲ್ಲಿ ಬರುವ ನಾಲ್ಕು ಬಿಲ್ಲೆಗಳ ಅದೃಷ್ಟ ಒಂದೇ. ವ್ಯತ್ಯಾಸ ಇರುವುದು ಕೈಯಲ್ಲಿ ಉಳಿದ ಮೂರರಲ್ಲಿ, ಮತ್ತು ಎಂಟು ಅಂಕದಲ್ಲಿ.

ಆಟದಲ್ಲಿರುವುದು ಒಟ್ಟು 100 ಬಿಲ್ಲೆ. ಅವುಗಳಲ್ಲಿ 42 ಸ್ವರ, 56 ವ್ಯಂಜನ, ಎರಡು ಖಾಲಿ ಬಿಲ್ಲೆ. ಈ ಹಂಚಿಕೆ ಆಟದ ಕರ್ತೃ ಆಲ್ಫ್ರೆಡ್ ಬಟ್ಸ್ ಅವರದು. ಅಮೆರಿಕದ ಈ ವಾಸ್ತುಶಿಲ್ಪಿ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡಾಗ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಇದನ್ನು ರೂಪಿಸಿದರು. ಇ ಅಕ್ಷರಕ್ಕೆ 12 ಬಿಲ್ಲೆ, ಎ ಮತ್ತು ಐಗೆ ತಲಾ 9, ಓಗೆ 8, ಯುಗೆ 4. ಬಹುವಚನ ಮಾಡಿ ಸುಲಭವಾಗಿ ಅಂಕ ಗಳಿಸಬಾರದೆಂದು ಎಸ್ ಅನ್ನು ನಾಲ್ಕಕ್ಕೇ ನಿಲ್ಲಿಸಿದರು. ಒಂಬತ್ತು ಐ ಇರುವುದರಿಂದಲೇ ರ‍್ಯಾಕಿನಲ್ಲಿ ಐಗಳ ಗುಂಪು ಕಟ್ಟಿಕೊಳ್ಳುವುದು ಇಷ್ಟು ಮಾಮೂಲಿ. ಅಷ್ಟೊಂದು ಐ ಇದ್ದರೂ, ಎರಡು ಐ ಒಟ್ಟಿಗೆ ನುಂಗುವ ಇಂಗ್ಲಿಷ್ ಪದಗಳು ಎರಡು ಇ ನುಂಗುವ ಪದಗಳ ಹತ್ತಿರಕ್ಕೂ ಬರುವುದಿಲ್ಲ.

ನಿಮ್ಮ ಕೈಯಲ್ಲಿ ಐದು ಸ್ವರ ಇರುವುದರಿಂದ, ನೀವು ಕಾಣದ 93 ಬಿಲ್ಲೆಗಳಲ್ಲಿ 37 ಸ್ವರಗಳಿವೆ. ಅವುಗಳಿಂದ ನಾಲ್ಕು ಎತ್ತಿದಾಗ ಏನಾಗುತ್ತದೆ? ‘ರೂಯಿನ್’ ಇಟ್ಟವರ ಕೈಯಲ್ಲಿ ಆಗಲೇ ಮೂರು ಸ್ವರ ಉಳಿದಿವೆ. ಹೊಸದಾಗಿ ಬರುವ ನಾಲ್ಕರಲ್ಲಿ ಎರಡು ಸ್ವರ ಬಂದರೂ ಸಾಕು, ಮತ್ತೆ ಐದಾಗುತ್ತದೆ. ಹೀಗಾಗುವ ಸಂಭವ 100ಕ್ಕೆ ಸುಮಾರು 52. ಅಂದರೆ ಅರ್ಧಕ್ಕಿಂತ ಹೆಚ್ಚು ಸಲ, ಎಂಟು ಅಂಕ ತೆಗೆದುಕೊಂಡ ಆಟಗಾರ ಮುಂದಿನ ಸರದಿಯಲ್ಲೂ ಐದು ಅಥವಾ ಹೆಚ್ಚು ಸ್ವರ ಹಿಡಿದುಕೊಂಡು ಕೂತಿರುತ್ತಾನೆ. ಬದಲಿಸಿದವರ ಕೈಯಲ್ಲಿ ಉಳಿದ ಸ್ವರ ಒಂದೇ. ಅವರಿಗೆ ಐದು ಸ್ವರ ಆಗಬೇಕಾದರೆ ನಾಲ್ಕಕ್ಕೆ ನಾಲ್ಕೂ ಸ್ವರವೇ ಬರಬೇಕು. ಅದರ ಸಂಭವ 100ಕ್ಕೆ ಎರಡು ಮಾತ್ರ. ಸ್ವರವೇ ಬಾರದೆ ವ್ಯಂಜನಗಳು ತುಂಬಿಕೊಳ್ಳುವ ಅಪಾಯವೂ ಇದೆ, ಅದು 100ಕ್ಕೆ 12–13. ಉಳಿದ 85 ಸಲ ಎರಡರಿಂದ ನಾಲ್ಕು ಸ್ವರಗಳ ಆಡಲು ಬರುವ ರ‍್ಯಾಕ್ ಸಿಗುತ್ತದೆ.

52 ಮತ್ತು 2, ಎಂಟು ಅಂಕ ಕೊಟ್ಟು ಕೊಂಡುಕೊಳ್ಳುವುದು ಈ ಅಂತರವನ್ನು. ಕೆಟ್ಟ ರ‍್ಯಾಕ್ ಒಂದೇ ಸರದಿಗೆ ನಿಲ್ಲುವುದಿಲ್ಲ ಎಂಬುದು ಇಲ್ಲಿಯ ನಿಜವಾದ ಕಷ್ಟ. ಇಂದು ಎಂಟು ಅಂಕದ ಪದ, ನಾಳೆ ಹತ್ತು ಅಂಕದ ಪದ, ಆಮೇಲೆ ಮತ್ತೊಂದು ಒಂಬತ್ತರದು. ಪ್ರತಿ ಸಲವೂ ಇದ್ದ ಒಂದೆರಡು ಒಳ್ಳೆಯ ವ್ಯಂಜನಗಳನ್ನು ಖರ್ಚು ಮಾಡಿ, ಕೆಟ್ಟ ಸ್ವರಗಳನ್ನು ಜೋಪಾನವಾಗಿ ಉಳಿಸಿಕೊಳ್ಳುತ್ತಾ ಹೋಗುತ್ತೇವೆ. ಟೂರ್ನಿ ಮಟ್ಟದಲ್ಲಿ ಒಳ್ಳೆಯ ಆಟಗಾರರು ಒಂದು ಸರದಿಗೆ ಸರಾಸರಿ 30ರ ಆಸುಪಾಸು ಗಳಿಸುತ್ತಾರೆ. ಮೂರು ಸರದಿಯಲ್ಲಿ 27 ಗಳಿಸಿದವನು ಅವರ ಎದುರು 60ಕ್ಕೂ ಹೆಚ್ಚು ಹಿಂದೆ ಬಿದ್ದಿರುತ್ತಾನೆ. ಒಂದು ಸೊನ್ನೆ ಬರೆಸಿಕೊಂಡು ಮುಂದಿನೆರಡು ಸರದಿಯಲ್ಲಿ ಸರಿಯಾಗಿ ಆಡಿದವನು ಅಷ್ಟು ಹಿಂದೆ ಬೀಳುವುದಿಲ್ಲ.

ಒಂದು ಹಿಡಿಯ ಉದಾಹರಣೆ ನೋಡಿ. ಹೊಸದಾಗಿ ಬಂದ ನಾಲ್ಕು ಬಿಲ್ಲೆ ಇ, ಎ, ಡಿ, ಜಿ ಎಂದುಕೊಳ್ಳಿ. ತೀರಾ ಸಾಧಾರಣ ಬಿಲ್ಲೆಗಳಿವು, ಎಸ್ ಇಲ್ಲ, ಖಾಲಿ ಬಿಲ್ಲೆ ಇಲ್ಲ. ಐ-ಐ-ಯು ಜೊತೆ ಸೇರಿದರೆ ‘ಗೈಡ್’ ಥರದ ಸಣ್ಣ ಪದವೊಂದು ಸಿಗುತ್ತದೆ, ಮುಖಬೆಲೆ ಏಳು ಅಂಕ. ಐ-ಎನ್-ಆರ್ ಜೊತೆ ಸೇರಿದರೆ ಏಳೂ ಬಿಲ್ಲೆ ಸೇರಿ ‘ರೀಡಿಂಗ್’ ಆಗುತ್ತದೆ. ಏಳೂ ಬಿಲ್ಲೆ ಒಟ್ಟಿಗೆ ಇಟ್ಟವರಿಗೆ 50 ಅಂಕದ ಬೋನಸ್. ಅಕ್ಷರಗಳ ಒಂಬತ್ತು ಅಂಕವೂ ಸೇರಿ ಕನಿಷ್ಠ 59. ಬೋರ್ಡಿನಲ್ಲಿ ಜಾಗ ಸಿಗಬೇಕು, ನಿಜ. ಇಂಥ ನಾಲ್ಕು ಬಿಲ್ಲೆ ಪ್ರತಿ ಸಲ ಬರುವುದೂ ಇಲ್ಲ. ಆದರೆ ಐ-ಐ-ಯು ಇಟ್ಟುಕೊಂಡವನಿಗೆ ಯಾವ ನಾಲ್ಕು ಬಂದರೂ ಬೋನಸ್ ಸಿಗುವುದು ಬಹುಪಾಲು ಕನಸೇ.

ಪಳಗಿದವರು ಪದದ ಅಂಕವನ್ನು ಒಂಟಿಯಾಗಿ ನೋಡುವುದಿಲ್ಲ. ಪದ ಇಟ್ಟ ಮೇಲೆ ರ‍್ಯಾಕಿನಲ್ಲಿ ಉಳಿಯುವುದಕ್ಕೂ ಒಂದು ಬೆಲೆ ಕಟ್ಟಿ, ಎರಡನ್ನೂ ಕೂಡಿಸುತ್ತಾರೆ. ಈ ಉಳಿಕೆಯ ಬೆಲೆ ಊಹೆಯ ಮಾತಲ್ಲ. ಬ್ರಯನ್ ಶೆಪರ್ಡ್ ಅವರ ‘ಮೇವನ್’, ಆಮೇಲೆ ಬಂದ ಉಚಿತ ತಂತ್ರಾಂಶ ‘ಕ್ವ್ಯಾಕಲ್’ ಇಂಥವು ಲೆಕ್ಕವಿಲ್ಲದಷ್ಟು ಆಟಗಳನ್ನು ಆಡಿಸಿ, ಯಾವ ಬಿಲ್ಲೆ ಉಳಿದರೆ ಮುಂದೆ ಎಷ್ಟು ಅಂಕ ಬರುತ್ತದೆ ಎಂದು ಕಂಡುಕೊಂಡಿವೆ. ಸ್ಥೂಲವಾಗಿ ಹೇಳುವುದಾದರೆ ಖಾಲಿ ಬಿಲ್ಲೆ ಉಳಿಸಿಕೊಂಡರೆ 25 ಅಂಕದ ಆಸ್ತಿ, ಎಸ್ ಉಳಿಸಿಕೊಂಡರೆ ಎಂಟರಷ್ಟು. ಕ್ಯೂ, ವಿ, ಯು, ಮತ್ತು ಯಾವುದೇ ಜೋಡಿ ಐ ಸಾಲದ ಲೆಕ್ಕಕ್ಕೆ ಹೋಗುತ್ತವೆ. ಐ-ಐ-ಯು ಉಳಿಕೆಯ ಸಾಲ ‘ರೂಯಿನ್’ ತಂದುಕೊಟ್ಟ ಎಂಟು ಅಂಕವನ್ನು ತಿಂದುಹಾಕಿ ಇನ್ನೂ ಕೈಚಾಚುತ್ತದೆ.

ಹಾಗೆಂದು ಸ್ವರ ಹೆಚ್ಚಾದಾಗಲೆಲ್ಲ ಬದಲಿಸಬೇಕೆಂದಲ್ಲ. ಮೊದಲ ಸರದಿಯಲ್ಲೇ ಇನ್ನೊಂದು ರ‍್ಯಾಕ್ ತೆಗೆದುಕೊಳ್ಳಿ: ಎ, ಯು, ಡಿ, ಐ, ಐ, ಐ, ಓ. ಇದರಲ್ಲಿ ಆರು ಸ್ವರ, ಒಂದೇ ವ್ಯಂಜನ. ನೋಡಲು ಮೊದಲಿನದಕ್ಕಿಂತ ಕೆಟ್ಟದು. ಆದರೆ ಇಲ್ಲಿ ‘ಆಡಿಯೊ’ ಇದೆ, ಎ-ಯು-ಡಿ-ಐ-ಓ. ಮೊದಲ ಅಕ್ಷರವನ್ನು ಇಮ್ಮಡಿ ಅಕ್ಷರದ ಮನೆಯಲ್ಲಿಟ್ಟರೆ ಹದಿನಾಲ್ಕು ಅಂಕ. ಅದಕ್ಕಿಂತ ಮುಖ್ಯವಾಗಿ ನಾಲ್ಕು ಸ್ವರಗಳು ಒಂದೇ ಏಟಿಗೆ ಕೈಬಿಟ್ಟು ಹೋಗುತ್ತವೆ. ಉಳಿಯುವುದು ಎರಡು ಐ, ಬರುವುದು ಐದು ಹೊಸ ಬಿಲ್ಲೆ. ಮತ್ತೆ ಐದು ಸ್ವರಗಳಲ್ಲಿ ಸಿಕ್ಕಿಕೊಳ್ಳುವ ಸಂಭವ ಇಲ್ಲಿ 100ಕ್ಕೆ 29ಕ್ಕೆ ಇಳಿಯುತ್ತದೆ. ಕೈಗೆ ಹದಿನಾಲ್ಕು ಬಂದಿರುವಾಗ ಆ ಅಪಾಯ ಸಹಿಸಬಹುದು. ಬಿಲ್ಲೆ ಬದಲಿಸುವವರು ಮಾಡುವ ಕೆಲಸವನ್ನೇ ‘ಆಡಿಯೊ’ ಮಾಡಿತು, ಅಂಕವನ್ನೂ ಕೊಟ್ಟಿತು.

ಹಾಗಾಗಿ ಬಡ ಪದದ ಮುಂದೆ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು ಎಷ್ಟು ಅಂಕ ಕೊಡುತ್ತದೆ ಎಂಬುದಲ್ಲ. ಯಾವ ಬಿಲ್ಲೆಗಳನ್ನು ತೆಗೆದುಕೊಂಡು ಹೋಗುತ್ತದೆ ಎಂಬುದು. ‘ರೂಯಿನ್’ ಇದ್ದ ಎರಡೂ ವ್ಯಂಜನಗಳನ್ನು ಕೊಂಡೊಯ್ದು ಕಸವನ್ನು ನಮಗೆ ಬಿಟ್ಟುಹೋಯಿತು. ‘ಆಡಿಯೊ’ ಕಸವನ್ನೇ ಕೊಂಡೊಯ್ದಿತು. ನನ್ನ ಅಳತೆ ಹೀಗೆ: ಕೆಟ್ಟ ಬಿಲ್ಲೆಗಳನ್ನೇ ಖರ್ಚು ಮಾಡಿ ಹನ್ನೆರಡರ ಮೇಲೆ ಅಂಕ ಕೊಡುವ ಪದ ಕಂಡರೆ ಆಡಿಬಿಡುವುದು, ಒಳ್ಳೆಯದನ್ನು ತಿಂದು ಹತ್ತರ ಕೆಳಗೆ ಕೊಡುವುದಾದರೆ ಬದಲಿಸುವುದು. ನಡುವಿನದಕ್ಕೆ ಬೋರ್ಡು ನೋಡಬೇಕು.

ಆದ್ದರಿಂದಲೇ ಸ್ವರ ನುಂಗುವ ಪದಗಳ ಒಂದು ಸಣ್ಣ ಪಟ್ಟಿ ನೆನಪಿನಲ್ಲಿದ್ದರೆ ಎಷ್ಟೋ ಸೊನ್ನೆಗಳು ತಪ್ಪುತ್ತವೆ. ‘ಅಡಿಯು’, ‘ಐಯೋಲಿ’, ‘ಈರಿ’ ಇವೆಲ್ಲ ಐದಕ್ಷರದಲ್ಲಿ ನಾಲ್ಕು ಸ್ವರ ಇಟ್ಟುಕೊಂಡವು. ಎರಡು ಯು ಒಟ್ಟಿಗೆ ಬಂದಾಗ ‘ಗುರು’, ‘ಟುಟು’, ‘ಲುಆವು’ ಕೈಹಿಡಿಯುತ್ತವೆ. ಎರಡು ಐ ಬಂದಾಗ ‘ಮಿನಿ’, ‘ಮಿಡಿ’. ನಮ್ಮ ಇಡ್ಲಿಯೂ ಐ-ಡಿ-ಎಲ್-ಐ ಎಂಬ ಕಾಗುಣಿತದಲ್ಲಿ ಕಾಲಿನ್ಸ್ ಪದಪಟ್ಟಿಯಲ್ಲಿದೆ. ಭಾರತದ ಟೂರ್ನಿಗಳು ನಡೆಯುವುದು ಇದೇ ಪಟ್ಟಿಯ ಮೇಲೆ. ಬೆಳಗಿನ ತಿಂಡಿ ಎರಡು ಐಗಳಿಂದ ಬಿಡುಗಡೆ ಕೊಡುತ್ತದೆ ಎಂಬುದು ಕನ್ನಡಿಗರು ಮರೆಯಬಾರದ ಅನುಕೂಲ.

ಬದಲಿಸಲು ನಿರ್ಧರಿಸಿದ ಮೇಲೂ ಎಡವುವ ಜಾಗಗಳಿವೆ. ಸಿಟ್ಟಿನಿಂದ ಏಳನ್ನೂ ಸುರಿದುಬಿಡುವುದು ಒಂದು. ಆರ್, ಎನ್ ಥರದ ಬಿಲ್ಲೆಗಳು ಸುಲಭವಾಗಿ ಏಳಕ್ಷರದ ಪದಗಳಿಗೆ ಹೊಂದಿಕೊಳ್ಳುತ್ತವೆ, ಅವನ್ನು ಬಿಟ್ಟು ಬಂದದ್ದು ಅದಕ್ಕಿಂತ ಒಳ್ಳೆಯದಿರುತ್ತದೆ ಎಂಬ ಭರವಸೆಯಿಲ್ಲ. ಎದುರು ತುದಿಯ ತಪ್ಪು ಇನ್ನೂ ಸಾಮಾನ್ಯ. ಒಂದೇ ಒಂದು ಯು ಬಿಟ್ಟು, ಉಳಿದದ್ದು ಹೇಗಾದರೂ ಆಗುತ್ತದೆ ಎಂದು ಕೂರುವುದು. ಸೊನ್ನೆಯ ಬೆಲೆ ಒಂದು ಬಿಲ್ಲೆ ಬಿಟ್ಟರೂ ಅಷ್ಟೇ, ನಾಲ್ಕು ಬಿಟ್ಟರೂ ಅಷ್ಟೇ. ಅದನ್ನು ಕೊಟ್ಟ ಮೇಲೆ ರೋಗವನ್ನು ಪೂರ್ತಿ ತೆಗೆಯಬೇಕು. ನಮ್ಮ ರ‍್ಯಾಕಿನಲ್ಲಿ ಒಂದು ಐ ಉಳಿಸಿಕೊಂಡದ್ದೇಕೆ ಎಂದು ಕೇಳಬಹುದು. ಆರ್ ಮತ್ತು ಎನ್ ಮಾತ್ರ ಇಟ್ಟು ಐದು ಬದಲಿಸುವವರೂ ಇದ್ದಾರೆ, ಎರಡರ ನಡುವೆ ದೊಡ್ಡ ಅಂತರವಿಲ್ಲ. ಒಂಟಿ ಐ, ಜೊತೆಗೆ ಎನ್ ಇದ್ದರೆ, ಜಿ ಬಂದಾಗ ‘ಇಂಗ್’ ಎಂಬ ಕೊನೆ ಸಿದ್ಧವಾಗಿರುತ್ತದೆ ಎಂಬ ಕಾರಣಕ್ಕೆ ನಾನು ಅದನ್ನು ಇಟ್ಟುಕೊಳ್ಳುತ್ತೇನೆ. ‘ರೀಡಿಂಗ್’ ಆದದ್ದೂ ಹಾಗೆಯೇ.

ಎಷ್ಟು ಬಿಲ್ಲೆ ಬದಲಿಸಿದಿರಿ ಎಂಬುದು ಎದುರಾಳಿಗೆ ಗೊತ್ತಾಗುತ್ತದೆ, ಟೂರ್ನಿಯಲ್ಲಿ ಬರೆದೂ ಇಟ್ಟುಕೊಳ್ಳುತ್ತಾರೆ. ಐದಾರು ಬದಲಿಸಿದರೆ ಕೈ ಕೆಟ್ಟಿತ್ತು ಎಂದಷ್ಟೇ ತಿಳಿಯುತ್ತದೆ. ಒಂದೇ ಬದಲಿಸಿದರೆ, ಉಳಿದ ಆರು ಬೋನಸ್ಸಿಗೆ ಹತ್ತಿರವಿವೆ ಎಂದು ಜಾಣ ಎದುರಾಳಿ ಓದಿಕೊಂಡು, ಉದ್ದ ಪದ ಇಡುವ ಜಾಗಗಳನ್ನು ಮುಚ್ಚಲು ಶುರುಮಾಡುತ್ತಾನೆ.

ಬದಲಿಸುವುದರ ವಿರುದ್ಧ ನಿಲ್ಲುವ ಮಾತುಗಳನ್ನೂ ಹೇಳಬೇಕು. ಮೊದಲ ಸರದಿಯಲ್ಲಿ ಬದಲಿಸಿದರೆ ನಡುಮನೆಯ ಇಮ್ಮಡಿ ಎದುರಾಳಿಗೆ ಹೋಗುತ್ತದೆ, ಇದು ನಿಜವಾದ ನಷ್ಟ. ‘ರೂಯಿನ್’ ವಿಷಯದಲ್ಲಿ ಆ ನಷ್ಟ ಕೂಡಿಸಿದರೂ ತಕ್ಕಡಿ ಬದಲಿಸುವ ಕಡೆಗೇ ವಾಲುತ್ತದೆ. ಆದರೆ ಪದದ ಅಂಕ 16–18 ಆಗಿದ್ದರೆ ನಾನು ಎರಡು ಸಲ ಯೋಚಿಸುತ್ತೇನೆ. ಇನ್ನೊಂದು, ಒಳ್ಳೆಯ ಉಳಿಕೆಯ ಬೆಲೆ ಅದನ್ನು ಬಳಸಬಲ್ಲವರಿಗೆ ಮಾತ್ರ ಪೂರ್ತಿ ಸಿಗುತ್ತದೆ. ಏಳಕ್ಷರದ ಪದಗಳನ್ನು ಕಾಣುವ ಅಭ್ಯಾಸವಿಲ್ಲದ, ಸರದಿಗೆ 15 ಅಂಕ ಗಳಿಸುವ ಮನೆಯ ಆಟಗಾರರಿಗೆ ಎಂಟು ಅಂಕ ಎಂದರೆ ಅರ್ಧ ಸರದಿ. ಟೂರ್ನಿಯವರಿಗಿಂತ ಅವರು ಕಡಿಮೆ ಸಲ ಬದಲಿಸುವುದು ಸರಿಯೇ. ಆದರೂ ಐದು ಸ್ವರಗಳ ರ‍್ಯಾಕಿನಿಂದ ಅವರಿಗೂ ಅದೇ ಸಂಕಟ, ಪರಿಹಾರವೂ ಅದೇ.

ಆಟದ ಕೊನೆಗೆ ಬಂದಾಗ ಲೆಕ್ಕ ಬೇರೆಯಾಗುತ್ತದೆ. ಚೀಲದಲ್ಲಿ ಎಂಟು ಬಿಲ್ಲೆ ಇವೆ, ನಿಮ್ಮ ಕೈಯಲ್ಲಿ ಕ್ಯೂ ಇದೆ, ನಾಲ್ಕು ಯುಗಳೂ ಬೋರ್ಡಿನ ಮೇಲೆ ಕಾಣುತ್ತಿವೆ, ಕ್ಯೂ-ಐ ಎಂಬ ಎರಡಕ್ಷರದ ಪದ ‘ಚೀ’ ಇಡಲೂ ಜಾಗವಿಲ್ಲ. ಹದಿನಾಲ್ಕು ಅಂಕದ ಪದವೊಂದು ಕೈಯಲ್ಲಿದೆ. ಅದನ್ನು ಇಟ್ಟು ಎರಡೇ ಬಿಲ್ಲೆ ಎತ್ತಿದರೂ ಚೀಲ ಆರಕ್ಕೆ ಇಳಿದು, ಕ್ಯೂ ಬದಲಿಸುವ ಅವಕಾಶ ಶಾಶ್ವತವಾಗಿ ಹೋಗುತ್ತದೆ. ಎದುರಾಳಿ ಮೊದಲು ಬಿಲ್ಲೆ ಮುಗಿಸಿದರೆ ನಿಮ್ಮ ಕೈಯಲ್ಲುಳಿದ ಬಿಲ್ಲೆಗಳ ಮೊತ್ತದ ಎರಡರಷ್ಟು ಅವರಿಗೆ ಸೇರುತ್ತದೆ. ಕ್ಯೂ ಬೆಲೆ ಹತ್ತು, ಅಂದರೆ ಇಪ್ಪತ್ತರ ಏಟು. ಅದಕ್ಕಿಂತ ಕೆಟ್ಟದ್ದೆಂದರೆ, ನೀವು ಕ್ಯೂ ಹಿಡಿದು ಸಿಕ್ಕಿಬಿದ್ದಿದ್ದೀರಿ ಎಂದು ತಿಳಿದ ಎದುರಾಳಿ ಒಂದೊಂದೇ ಬಿಲ್ಲೆ ಇಡುತ್ತಾ ನಿಧಾನವಾಗಿ ಅಂಕ ಕಲೆಹಾಕುತ್ತಾನೆ.

ಈಗಲೇ ಕ್ಯೂ ಒಂದನ್ನೇ ಬದಲಿಸಿದರೆ? ಬಿಟ್ಟದ್ದು ಚೀಲಕ್ಕೇ ಹೋಗುವುದರಿಂದ ಚೀಲದಲ್ಲಿ ಎಂಟೇ ಇರುತ್ತವೆ, ಅದರಲ್ಲೊಂದು ಕ್ಯೂ. ಎದುರಾಳಿ ನಾಲ್ಕಕ್ಷರದ ಪದವಿಟ್ಟು ನಾಲ್ಕು ಎತ್ತಿದರೆ ಕ್ಯೂ ಅವರ ಕೈಸೇರುವ ಸಂಭವ ಸರಿಯಾಗಿ ಅರ್ಧ. ಸೇರಿದರೆ ಇಪ್ಪತ್ತರ ಏಟು ಆ ಕಡೆಗೆ ತಿರುಗುತ್ತದೆ. ಸೇರದಿದ್ದರೆ ಅದು ಮತ್ತೆ ನಿಮ್ಮ ಕೈಗೇ ಬರಬಹುದು, ಹದಿನಾಲ್ಕು ಅಂಕವೂ ಹೋಗಿರುತ್ತದೆ. ಇಲ್ಲಿ ಅಂಕಪಟ್ಟಿ ನೋಡಿ ನಿರ್ಧರಿಸಬೇಕು. 50 ಅಂಕ ಮುಂದಿದ್ದರೆ ಹದಿನಾಲ್ಕು ತೆಗೆದುಕೊಂಡು ಏಟು ತಿಂದರೂ ಗೆಲುವು ನಿಮ್ಮದೇ. ಅಂತರ ಹತ್ತು ಹದಿನೈದರೊಳಗಿದ್ದರೆ ಬದಲಿಸುವುದೇ ನನ್ನ ಆಯ್ಕೆ. ಚೀಲದಲ್ಲಿ ಎಷ್ಟು ಉಳಿದಿವೆ ಎಂದು ಎಣಿಸುವ ಅಭ್ಯಾಸ ಇಲ್ಲದವರಿಗೆ ಈ ಆಯ್ಕೆಯೇ ಬರುವುದಿಲ್ಲ. ಅವರು ಚೀಲಕ್ಕೆ ಕೈಹಾಕುವ ಹೊತ್ತಿಗೆ ಅದರಲ್ಲಿ ಐದು ಬಿಲ್ಲೆ ಇರುತ್ತವೆ.

ಇದೆಲ್ಲ ಕಾಗದದ ಲೆಕ್ಕ ಅನ್ನಿಸಿದರೆ ಮನೆಯಲ್ಲಿ ಸ್ಕ್ರ್ಯಾಬಲ್ ಡಬ್ಬಿ ಇದ್ದವರು ಒಂದು ಸಂಜೆ ಹೀಗೆ ಮಾಡಿ ನೋಡಿ. ಮೇಲಿನ ಏಳು ಬಿಲ್ಲೆಗಳನ್ನು ಬೇರೆ ತೆಗೆದಿಟ್ಟು, ಉಳಿದ 93ನ್ನು ಚೀಲದಲ್ಲಿ ಹಾಕಿ ಚೆನ್ನಾಗಿ ಕಲಸಿ. ನಾಲ್ಕು ಬಿಲ್ಲೆ ಎತ್ತಿ, ಮೊದಲು ಐ-ಐ-ಯು ಪಕ್ಕ ಇಟ್ಟು ಸಿಗುವ ಅತ್ಯುತ್ತಮ ಪದ ಬರೆದುಕೊಳ್ಳಿ. ಅದೇ ನಾಲ್ಕನ್ನು ಐ-ಎನ್-ಆರ್ ಪಕ್ಕ ಇಟ್ಟು ಮತ್ತೆ ಬರೆದುಕೊಳ್ಳಿ. ಬಿಲ್ಲೆಗಳನ್ನು ಚೀಲಕ್ಕೆ ಹಾಕಿ, ಇಪ್ಪತ್ತು ಸಲ ಹೀಗೇ ಮುಂದುವರಿಸಿ. ಮೊದಲ ಸಾಲಿನ ಪ್ರತಿ ಸಂಖ್ಯೆಗೂ ‘ರೂಯಿನ್’ ತಂದ ಎಂಟು ಅಂಕ ಸೇರಿಸಿ, ಏಳೂ ಬಿಲ್ಲೆ ಬಳಕೆಯಾದ ಪದಗಳಿಗೆ 50 ಸೇರಿಸುವುದನ್ನು ಮರೆಯದೆ, ಎರಡೂ ಸಾಲುಗಳನ್ನು ಕೂಡಿಸಿ. ಮುಂದಿನ ಸಲ ಮೂರು ಐ ಬಂದಾಗ ಏನು ಮಾಡಬೇಕೆಂದು ನಿಮ್ಮ ಕಾಗದವೇ ಹೇಳುತ್ತದೆ.